35 ಸಾವಿರ ವೋಟು ತಪ್ಪಬಹುದು, 400 ಜನ ಸರಿ ಹೇಳಬಹುದು: ಆನ್‌ಲೈನ್ ಪೋಲ್‌ನ ಲೆಕ್ಕಾಚಾರ

 

ಇವತ್ತು ಒಂದು ಸಣ್ಣ ಪ್ರಶ್ನೆಯಿಂದ ಶುರು ಮಾಡೋಣ. "ನೀವು ಯಾವತ್ತಾದ್ರೂ ಇಂಟರ್ನೆಟ್ ಬಳಸಿದ್ದೀರಾ?" ಅಂತ ಇನ್‌ಸ್ಟಾಗ್ರಾಂನಲ್ಲಿ ಒಂದು ಪೋಲ್ ಹಾಕಿದ್ರೆ ಏನು ಉತ್ತರ ಬರುತ್ತೆ? ನೂರಕ್ಕೆ ನೂರು "ಹೌದು". ತಮಾಷೆಗೆ "ಇಲ್ಲ" ಒತ್ತೋರನ್ನ ಬಿಡಿ. ಹತ್ತು ಲಕ್ಷ ಜನ ಒತ್ತಿದ್ರೂ ಅದೇ ಉತ್ತರ. ಯಾಕಂದ್ರೆ "ಇಲ್ಲ" ಅನ್ನಬೇಕಾದವರಿಗೆ ಪ್ರಶ್ನೆ ತಲುಪೋದೇ ಇಲ್ಲ.

ಇದೇ ಪ್ರಶ್ನೆಯನ್ನ 5ನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರು 2019ರಲ್ಲಿ ಕರ್ನಾಟಕದಲ್ಲಿ ಮನೆಮನೆಗೆ ಹೋಗಿ ಕೇಳಿದ್ರು. 15ರಿಂದ 49 ವರ್ಷದ ಹೆಂಗಸರಲ್ಲಿ ಸುಮಾರು 35 ಪರ್ಸೆಂಟ್, ಗಂಡಸರಲ್ಲಿ ಸುಮಾರು 62 ಪರ್ಸೆಂಟ್ "ಹೌದು" ಅಂದ್ರು. ಅಂದ್ರೆ ಆಗ ಮೂರು ಜನ ಹೆಂಗಸರಲ್ಲಿ ಇಬ್ಬರು ಇಂಟರ್ನೆಟ್ ಮುಟ್ಟಿಯೇ ಇರಲಿಲ್ಲ. ಆರು ಕೋಟಿಗೂ ಹೆಚ್ಚು ಜನ ಇರೋ ರಾಜ್ಯಕ್ಕೆ ಅವರು ಹೋಗಿದ್ದು ಮನೆಗಳ ಒಂದು ಸಣ್ಣ ಪಾಲಿಗೆ ಮಾತ್ರ. ಆದ್ರೆ ಯಾವ ಮನೆ ಅನ್ನೋದನ್ನ ಮನೆಯವರು ತೀರ್ಮಾನಿಸಲಿಲ್ಲ, ಬಾಗಿಲು ತಟ್ಟಿದವರೂ ತೀರ್ಮಾನಿಸಲಿಲ್ಲ. ಮೊದಲು ಹಳ್ಳಿಗಳನ್ನ, ಪೇಟೆಯ ಜನಗಣತಿ ಬ್ಲಾಕ್‌ಗಳನ್ನ ಚೀಟಿ ಎತ್ತಿದ ಹಾಗೆ ಆರಿಸ್ತಾರೆ, ಆಮೇಲೆ ಅಲ್ಲಿನ ಮನೆಗಳ ಪಟ್ಟಿ ಮಾಡಿ, ಅದರಿಂದ 22 ಮನೆಗಳನ್ನ ಕ್ರಮವಾಗಿ ಎತ್ತಿಕೊಳ್ತಾರೆ.

ಈಗ ನಮ್ಮ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಕಡೆ ಬರೋಣ. ಈ ನಾಲ್ಕು ತಾಲ್ಲೂಕಿನಲ್ಲಿ "ನಿಮ್ಮೂರಲ್ಲಿ ಮೊಬೈಲ್ ನೆಟ್‌ವರ್ಕ್ ಸರಿಯಾಗಿ ಸಿಗುತ್ತಾ?" ಅಂತ ಒಂದು ಆನ್‌ಲೈನ್ ಪೋಲ್ ಹಾಕಿದ್ದೀವಿ ಅಂದ್ಕೊಳ್ಳಿ. ಮುಂದಿನ ಅಂಕಿಗಳೆಲ್ಲ ಲೆಕ್ಕ ಸುಲಭವಾಗಲಿ ಅಂತ ನಾನೇ ಹಿಡಿದಿದ್ದು, ಯಾವ ಸಮೀಕ್ಷೆಯದ್ದೂ ಅಲ್ಲ.

ಒಟ್ಟು 2 ಲಕ್ಷ ವಯಸ್ಕರು ಅಂತ ಇಟ್ಕೊಳ್ಳಿ. ಅವರಲ್ಲಿ 1 ಲಕ್ಷ 20 ಸಾವಿರ ಜನಕ್ಕೆ ನೆಟ್‌ವರ್ಕ್ ಚೆನ್ನಾಗಿ ಸಿಗುತ್ತೆ, 80 ಸಾವಿರ ಜನಕ್ಕೆ ಸಿಗಲ್ಲ. ಹಾಗಾಗಿ ನಿಜವಾದ ಉತ್ತರ 60 ಪರ್ಸೆಂಟ್ "ಹೌದು". ದಾಂಡೇಲಿ ಪೇಟೆಯಲ್ಲಿ ಚಹಾ ಕುಡೀತಾ ಕೂತವನಿಗೆ ಲಿಂಕ್ ಬಂದ ತಕ್ಷಣ ತೆರೆಯುತ್ತೆ. ಜೋಯಿಡಾದ ಕಾಡಿನೊಳಗೆ ಸಿಗ್ನಲ್‌ಗಾಗಿ ಗುಡ್ಡ ಹತ್ತುವವನು ಗುಡ್ಡ ಹತ್ತೋದು ನಮ್ಮ ಪೋಲ್ ಒತ್ತೋಕಲ್ಲ. ಹಾಗಾಗಿ ನೆಟ್‌ವರ್ಕ್ ಇರೋರಲ್ಲಿ ನಾಲ್ಕಕ್ಕೊಬ್ಬರು ವೋಟು ಹಾಕಿದ್ರು, ಇಲ್ಲದವರಲ್ಲಿ ಹದಿನಾರಕ್ಕೊಬ್ಬರು ಹಾಕಿದ್ರು ಅನ್ನೋಣ. 30 ಸಾವಿರ "ಹೌದು", 5 ಸಾವಿರ "ಇಲ್ಲ". ಪೋಲ್ ಪ್ರಕಾರ 86 ಪರ್ಸೆಂಟ್ ಜನಕ್ಕೆ ನೆಟ್‌ವರ್ಕ್ ಸರಿಯಾಗಿದೆ! ಇನ್ನು ಟವರ್ ಯಾಕೆ ಬೇಕು ಅಂತ ಯಾರಾದ್ರೂ ಕೇಳಿದ್ರೆ ತೋರಿಸೋಕೆ 35 ಸಾವಿರ ವೋಟು ರೆಡಿ.

ಲಿಂಕ್ ಇನ್ನಷ್ಟು ಶೇರ್ ಆಗಿ 70 ಸಾವಿರ ವೋಟು ಬಂತು ಅನ್ನಿ. ಒತ್ತೋರ ಮಾದರಿ ಅದೇ ಇದ್ರೆ 60 ಸಾವಿರ "ಹೌದು", 10 ಸಾವಿರ "ಇಲ್ಲ". ಮತ್ತೆ 86. ವೋಟು ಡಬಲ್ ಆಯ್ತು, ತಪ್ಪು ಒಂದು ಪಾಯಿಂಟೂ ಇಳೀಲಿಲ್ಲ.

ಇನ್ನೊಂದು ದಾರಿ ನೋಡಿ. 2 ಲಕ್ಷ ಹೆಸರಿರೋ ಒಂದು ಪಟ್ಟಿ ತಗೊಳ್ಳಿ, ಮತದಾರರ ಪಟ್ಟಿ ಅನ್ನಿ. ನಮಗೆ 400 ಜನ ಬೇಕು, ಅಂದ್ರೆ ಐನೂರಕ್ಕೊಬ್ಬರು. 1ರಿಂದ 500ರೊಳಗೆ ಒಂದು ಚೀಟಿ ಎತ್ತಿದ್ವಿ, 137 ಬಂತು. ಪಟ್ಟಿಯ 137ನೇ ಹೆಸರು, 637ನೇದು, 1137ನೇದು, ಹೀಗೆ ಕೊನೆವರೆಗೂ. ಪೇಟೆಯವರೂ ಕಾಡಿನವರೂ ತಮ್ಮ ತಮ್ಮ ಪಾಲಿನಷ್ಟೇ ಬರ್ತಾರೆ. ಆ ಮನೆಗೆ ಹೋಗಿ ಕೇಳಬೇಕು. ಬೀಗ ಹಾಕಿದ್ರೆ ಎರಡನೇ ಸಲ, ಮೂರನೇ ಸಲ ಹೋಗಬೇಕು. ಪಕ್ಕದ ಮನೆಯವರನ್ನ ಕೇಳಿ ಬಂದ್ರೆ ಕೆಲಸ ಕೆಟ್ಟಿತು, ಯಾಕಂದ್ರೆ ಹಗಲಲ್ಲಿ ಮನೆಯಲ್ಲಿ ಸಿಗೋರೇ ಬೇರೆ ಥರದ ಜನ.

ಹೀಗೆ ಕೇಳಿದ 400 ಜನರ ಉತ್ತರ ಸರಿಯಾಗಿ 60 ಬರಲ್ಲ. 57 ಬರಬಹುದು, 63 ಬರಬಹುದು. ನೂರು ಸಲ ಹೀಗೆ ಮಾಡಿದ್ರೆ ಸುಮಾರು 95 ಸಲ 55ರಿಂದ 65ರ ಒಳಗೆ ಇರುತ್ತೆ. ಇದೂ ತಪ್ಪೇ, ಆದ್ರೆ ಎಷ್ಟು ತಪ್ಪಬಹುದು ಅಂತ ಮೊದಲೇ ಗೊತ್ತಿರೋ ತಪ್ಪು. ಇನ್ನೂ ನಿಖರ ಬೇಕಂದ್ರೆ ಜನ ಹೆಚ್ಚಿಸಿದ್ರಾಯ್ತು. ಆನ್‌ಲೈನ್ ಪೋಲ್‌ನ ತಪ್ಪಿಗೆ ಆ ಮದ್ದು ನಾಟಲ್ಲ. ಇಷ್ಟು ಸಾಲದು ಅಂತ, ಅದೇ ಸೂತ್ರವನ್ನ 35 ಸಾವಿರ ವೋಟಿಗೆ ಹಾಕಿದ್ರೆ "ಹೆಚ್ಚುಕಮ್ಮಿ ಅರ್ಧ ಪರ್ಸೆಂಟೂ ಇಲ್ಲ" ಅನ್ನುತ್ತೆ. 26 ಪಾಯಿಂಟ್ ತಪ್ಪಿರೋ ಉತ್ತರಕ್ಕೆ ಅಷ್ಟು ಧೈರ್ಯ! ನನಗೆ ಹೆದರಿಕೆ ಆಗೋದು ಇದನ್ನ ನೋಡಿದ್ರೇನೆ.

ಇದು ಬರೀ ಕಾಗದದ ಲೆಕ್ಕ ಅಲ್ಲ. 2021ರಲ್ಲಿ ಅಮೆರಿಕದಲ್ಲಿ ಎಷ್ಟು ಜನ ಕೋವಿಡ್ ಲಸಿಕೆ ಹಾಕಿಸಿಕೊಂಡಿದ್ದಾರೆ ಅಂತ ತಿಳಿಯೋಕೆ ಫೇಸ್‌ಬುಕ್ ಮೂಲಕ ಒಂದು ಸಮೀಕ್ಷೆ ನಡೀತಿತ್ತು. ವಾರಕ್ಕೆ ಸುಮಾರು ಎರಡೂವರೆ ಲಕ್ಷ ಜನ ಉತ್ತರ ಕೊಡ್ತಿದ್ರು. ಆಹ್ವಾನ ಹೋಗ್ತಿದ್ದುದು ಫೇಸ್‌ಬುಕ್ ಬಳಸೋರಲ್ಲಿ ಚೀಟಿ ಎತ್ತಿದ ಹಾಗೆ ಆರಿಸಿದವರಿಗೆ, ಆದ್ರೆ ನೂರರಲ್ಲಿ ಒಬ್ಬರೋ ಏನೋ ಉತ್ತರಿಸ್ತಿದ್ರು. ಮೇ ತಿಂಗಳಲ್ಲಿ ಸರ್ಕಾರದ ಲಸಿಕೆ ದಾಖಲೆ ಜೊತೆ ಹೋಲಿಸಿದಾಗ ಆ ಸಮೀಕ್ಷೆ 17 ಪಾಯಿಂಟ್ ಜಾಸ್ತಿ ಹೇಳಿತ್ತು. ಅದೇ ಹೊತ್ತಲ್ಲಿ ಆಕ್ಸಿಯೋಸ್-ಇಪ್ಸೋಸ್‌ನವರ ಸಮೀಕ್ಷೆಯಲ್ಲಿ ಇದ್ದಿದ್ದು ಸುಮಾರು ಸಾವಿರ ಜನ, ಉತ್ತರ ದಾಖಲೆಗೆ ಹತ್ತಿರವೇ ಇತ್ತು. ಆ ವರ್ಷ ಡಿಸೆಂಬರ್‌ನಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಲೇಖನ ಇದನ್ನ ಲೆಕ್ಕ ಹಾಕಿತು: ಏಪ್ರಿಲ್ ಹೊತ್ತಿಗೆ ಆ ಎರಡೂವರೆ ಲಕ್ಷ ಉತ್ತರಗಳ ಬೆಲೆ, ಸರಿಯಾಗಿ ಚೀಟಿ ಎತ್ತಿ ಕೇಳಿದ ಸುಮಾರು 10 ಜನರ ಉತ್ತರದಷ್ಟೇ.

ಇಲ್ಲೊಂದು ಮಜಾ ಇದೆ. ಇಪ್ಸೋಸ್‌ನ ಸಮೀಕ್ಷೆಯೂ ಆನ್‌ಲೈನೇ! ಅವರು ಮನೆ ವಿಳಾಸಗಳ ಪಟ್ಟಿಯಿಂದ ಜನರನ್ನ ಎತ್ತಿಕೊಂಡು, ಇಂಟರ್ನೆಟ್ ಇಲ್ಲದವರಿಗೆ ಟ್ಯಾಬ್ಲೆಟ್ಟೂ ಕನೆಕ್ಷನ್ನೂ ತಾವೇ ಕೊಟ್ಟಿದ್ರು. ಹಾಗಾಗಿ ಫೋನಿನ ಮೇಲೆ ಸಿಟ್ಟಾಗೋದು ಬೇಡ. ಯಾರು ಉತ್ತರಿಸಬೇಕು ಅನ್ನೋದನ್ನ ಯಾರು ಆರಿಸಿದ್ರು ಅನ್ನೋದೇ ವಿಷಯ.

"ಹೆಂಗಸರ ವೋಟು ಕಡಿಮೆ ಬಂದ್ರೆ ಅದಕ್ಕೆ ತೂಕ ಜಾಸ್ತಿ ಕೊಟ್ಟು ಸರಿ ಮಾಡಬಹುದಲ್ಲ" ಅಂತ ಕೆಲವರು ಕೇಳ್ತಾರೆ. ಒಂದು ಮಟ್ಟಿಗೆ ಹೌದು. ಫೇಸ್‌ಬುಕ್ ಸಮೀಕ್ಷೆಯಲ್ಲೂ ವಯಸ್ಸು, ಲಿಂಗಕ್ಕೆ ತೂಕ ಕೊಟ್ಟಿದ್ರು, ಆದ್ರೂ ತಪ್ಪಿತು. ನಮ್ಮ ಪೋಲ್‌ನಲ್ಲಿ ಜೋಯಿಡಾದಿಂದ ಒತ್ತಿದವರಿಗೆ ಎಷ್ಟೇ ತೂಕ ಕೊಟ್ಟರೂ, ಒತ್ತಿದವರು ಜೋಯಿಡಾದಲ್ಲಿ ಸಿಗ್ನಲ್ ಇರೋರೇ ಹೆಚ್ಚು. ಒತ್ತದವರ ಬದಲು ಅವರು ಮಾತಾಡೋಕಾಗಲ್ಲ.

ನಿಮ್ಮ ವಾಟ್ಸಾಪ್ ಗ್ರೂಪಿಗೆ ಪೋಲ್ ಫಲಿತಾಂಶ ಬಂದಾಗ ಎಷ್ಟು ವೋಟು ಅಂತ ನೋಡೋ ಮೊದಲು ಲಿಂಕ್ ಎಲ್ಲೆಲ್ಲಿ ಓಡಾಡಿತು ಅಂತ ನೋಡಿ. ಯಾವ ಭಾಷೆಯಲ್ಲಿತ್ತು, ಒಬ್ಬನೇ ಎರಡು ಫೋನಿನಿಂದ ಒತ್ತಬಹುದಿತ್ತಾ ಅಂತ ಕೇಳಿ. ತಾಲ್ಲೂಕು, ಗಂಡು-ಹೆಣ್ಣು ವಿವರ ಕೊಟ್ಟಿದ್ರೆ ಜನಗಣತಿ ಜೊತೆ ಹೋಲಿಸಿ. ಅಲ್ಲೇ ದೊಡ್ಡ ವ್ಯತ್ಯಾಸ ಕಂಡ್ರೆ ಉಳಿದದ್ದನ್ನ ಓದೋ ಕಷ್ಟ ಬೇಡ. ಹೊಂದಿಕೆಯಾದ್ರೂ ಪೋಲ್ ಸರಿ ಅಂತಲ್ಲ. ತಪ್ಪು ಯಾವ ಕಡೆ ವಾಲುತ್ತೆ ಅಂತಲೂ ಹೇಳೋಕಾಗಲ್ಲ. ಪ್ರಶ್ನೆ ಬೇರೆ ಇದ್ರೆ ಸಿಟ್ಟಿರೋರೇ ಹೆಚ್ಚು ಬಂದು ಒತ್ತಬಹುದು.

ಚೀಟಿ ಎತ್ತೋ ದಾರಿಗೂ ಮಿತಿ ಇದೆ. 400 ಜನರಲ್ಲಿ 100 ಜನ ಮಾತ್ರ ಮಾತಾಡಿದ್ರೆ, ಅದೂ ಬಹುಪಾಲು ತಾವೇ ಬಂದವರ ಪೋಲ್ ಥರಾನೇ ಆಗುತ್ತೆ. ಪಟ್ಟಿಯಲ್ಲಿ ಇಲ್ಲದವರು ಚೀಟಿಯಲ್ಲೂ ಬರಲ್ಲ. ಮುಂಡಗೋಡದ ಟಿಬೆಟನ್ ಕ್ಯಾಂಪ್ 1966ರಿಂದ ಇದೆ, ಆದ್ರೆ ಅಲ್ಲಿನ ಎಷ್ಟೋ ಜನ ಭಾರತದ ಮತದಾರರಲ್ಲ. ನೆಟ್‌ವರ್ಕ್ ಅವರಿಗೂ ಬೇಕು. ನಮ್ಮ 400ರಲ್ಲಿ ಅವರೂ ಇರಬೇಕಂದ್ರೆ ಮತದಾರರ ಪಟ್ಟಿ ಬಿಟ್ಟು ಮನೆಗಳ ಪಟ್ಟಿಯನ್ನೇ ಹೊಸದಾಗಿ ಮಾಡಬೇಕು. ಅದಕ್ಕೆ ಕಾಲ್ನಡಿಗೆಯೇ ಗತಿ.