ಕಿಡ್ನಿಯ ಮೊದಲ ಗೋಡೆ, ಕೊನೆಯ ನಾಳ

ಐದಾರು ವರ್ಷದ ಮಗುವೊಂದು ಬೆಳಿಗ್ಗೆ ಎದ್ದಾಗ ಕಣ್ಣಿನ ಸುತ್ತ ಊದಿಕೊಂಡಿರುತ್ತದೆ. ಯಾವುದೋ ಹುಳ ಕಚ್ಚಿರಬೇಕು ಎಂದು ಮನೆಯವರು ಸುಮ್ಮನಾಗುತ್ತಾರೆ. ನಾಲ್ಕು ದಿನ ಕಳೆಯುವಷ್ಟರಲ್ಲಿ ಕಾಲೂ ಊದುತ್ತದೆ, ಮೂತ್ರದಲ್ಲಿ ನೊರೆ ನಿಲ್ಲುತ್ತದೆ. ಪರೀಕ್ಷೆ ಮಾಡಿಸಿದರೆ ಮೂತ್ರದ ತುಂಬ ಆಲ್ಬುಮಿನ್ ಎಂಬ ಪ್ರೊಟೀನ್. ರಕ್ತದಲ್ಲಿ ನೀರನ್ನು ಹಿಡಿದಿಡಬೇಕಾದ ಪ್ರೊಟೀನೇ ಹೀಗೆ ಸೋರಿಹೋಗುತ್ತಿದೆ.

ಮಕ್ಕಳಲ್ಲಿ ಇದಕ್ಕೆ ಅತಿ ಸಾಮಾನ್ಯ ಕಾರಣ ‘ಮಿನಿಮಲ್ ಚೇಂಜ್ ಡಿಸೀಸ್’. ಹೆಸರೇ ವಿಚಿತ್ರ. ಕಿಡ್ನಿಯ ಚೂರೊಂದನ್ನು ತೆಗೆದು, ಬಣ್ಣ ಹಚ್ಚಿ, ಸಾಮಾನ್ಯ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಸೋಸುವ ಭಾಗದಲ್ಲಿ ಕೆಟ್ಟದ್ದೇನೂ ಕಾಣುವುದಿಲ್ಲ. ಹಾಗಾದರೆ ಸೋರುತ್ತಿರುವುದು ಎಲ್ಲಿಂದ?

ಒಂದೊಂದು ಕಿಡ್ನಿಯಲ್ಲೂ ಸುಮಾರು 10 ಲಕ್ಷ ನೆಫ್ರಾನ್‌ಗಳಿವೆ. ಪ್ರತಿ ನೆಫ್ರಾನ್ ಶುರುವಾಗುವ ಕಡೆ ಗ್ಲೊಮೆರುಲಸ್ ಎಂಬ ಸೂಕ್ಷ್ಮ ರಕ್ತನಾಳಗಳ ಗೊಂಚಲಿದೆ. ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸಿ ಬರುವುದು ಇಲ್ಲಿಂದಲೇ. ಸೋಸುವ ಗೋಡೆಗೆ ಮೂರು ಪದರ. ರಕ್ತಕ್ಕೆ ತಾಗಿಕೊಂಡಿರುವುದು ತೂತುಗಳಿರುವ ತೆಳು ಕೋಶಗಳ ಪದರ. ರಕ್ತಕಣಗಳನ್ನು ಅದು ಒಳಗೇ ತಡೆಯುತ್ತದೆ. ಅದರಾಚೆ, ಕೊಲಾಜೆನ್ ಮತ್ತು ಲ್ಯಾಮಿನಿನ್ ಹೆಣೆದುಕೊಂಡ, 300 ನ್ಯಾನೋಮೀಟರಿಗಿಂತ ತುಸು ದಪ್ಪದ ಒಂದು ಪೊರೆ. ಎಲ್ಲಕ್ಕಿಂತ ಹೊರಗೆ ಪೋಡೋಸೈಟ್ ಎಂಬ ಕೋಶಗಳು ರಕ್ತನಾಳವನ್ನು ಅಪ್ಪಿ ಕುಳಿತಿರುತ್ತವೆ.

ಎರಡು ಕೈಗಳ ಬೆರಳುಗಳನ್ನು ಹೆಣೆದು ಹಿಡಿದ ಹಾಗೆ, ಅಕ್ಕಪಕ್ಕದ ಪೋಡೋಸೈಟ್‌ಗಳ ಪಾದಗಳು ಒಂದರ ನಡುವೆ ಒಂದು ಸೇರಿಕೊಂಡಿರುತ್ತವೆ. ಪಾದಗಳ ನಡುವೆ ಉಳಿಯುವ ಸಂದು 40 ನ್ಯಾನೋಮೀಟರ್‌ನಷ್ಟು. ಅದಕ್ಕೂ ನೆಫ್ರಿನ್ ಮೊದಲಾದ ಪ್ರೊಟೀನ್‌ಗಳ ತೆಳು ಪರದೆ ಕಟ್ಟಿದೆ. ಈ ನೆಫ್ರಿನ್ ಪತ್ತೆಯಾದದ್ದು 1998ರಲ್ಲಿ. ಹುಟ್ಟಿನಿಂದಲೇ ಪ್ರೊಟೀನ್ ಸೋರುವ, ಫಿನ್‌ಲೆಂಡಿನಲ್ಲಿ ಹೆಚ್ಚಾಗಿ ಕಾಣುವ ಕಾಯಿಲೆಯ ಮೂಲವನ್ನು ಹುಡುಕುವಾಗ ಅದರ ಜೀನ್ ಸಿಕ್ಕಿತು. ಒಂದೇ ಪ್ರೊಟೀನ್ ಕೆಟ್ಟರೆ ಇಡೀ ಗೋಡೆ ಸೋರುತ್ತದೆ ಎಂಬುದು ಆಗ ಖಚಿತವಾಯಿತು.

ಸಾಮಾನ್ಯ ಮೈಕ್ರೋಸ್ಕೋಪಿಗೆ 200 ನ್ಯಾನೋಮೀಟರಿಗಿಂತ ಸಣ್ಣ ವಿವರ ಬಿಡಿಯಾಗಿ ಕಾಣುವುದಿಲ್ಲ. ಮಗುವಿನ ಕಾಯಿಲೆ ಅದರ ಕಣ್ಣಿಗೆ ಬೀಳದಿರುವುದು ಇದಕ್ಕೇ. ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಪಾದಗಳು ಬೇರೆಬೇರೆಯಾಗಿ ಉಳಿಯದೆ, ಚಪ್ಪಟೆಯಾಗಿ ಪೊರೆಯ ಮೇಲೆ ಹರಡಿಕೊಂಡಿರುತ್ತವೆ. ಸಮಾಧಾನದ ಸಂಗತಿಯೆಂದರೆ, ಸ್ಟೆರಾಯ್ಡ್ ಕೊಟ್ಟರೆ ಹೆಚ್ಚಿನ ಮಕ್ಕಳಲ್ಲಿ ಪಾದಗಳು ಮತ್ತೆ ಮೊದಲಿನ ಆಕಾರಕ್ಕೆ ಬರುತ್ತವೆ, ಸೋರಿಕೆ ನಿಲ್ಲುತ್ತದೆ. ಆದ್ದರಿಂದಲೇ ಮಕ್ಕಳಲ್ಲಿ ಸಾಮಾನ್ಯವಾಗಿ ಬಯಾಪ್ಸಿಗಿಂತ ಮೊದಲು ಔಷಧ ಕೊಟ್ಟು ನೋಡುತ್ತಾರೆ. ಆದರೆ ಕಾಯಿಲೆ ಮರುಕಳಿಸುವುದು ಅಪರೂಪವಲ್ಲ.

ಸೋರಿದ ಪ್ರೊಟೀನಿನ ಗುರುತು ಮುಂದಿನ ಕೊಳವೆಯಲ್ಲಿ ಸಿಗುತ್ತದೆ. ಪ್ರಾಕ್ಸಿಮಲ್ ಕೊಳವೆಯ ಕೋಶಗಳ ಒಳಮೈ ತುಂಬ ಒತ್ತಾದ ಸೂಕ್ಷ್ಮ ಎಳೆಗಳು, ಕೋಶದೊಳಗೆ ಕಿಕ್ಕಿರಿದ ಮೈಟೋಕಾಂಡ್ರಿಯಾ. ಸೋಸಿ ಬಂದ ನೀರು ಮತ್ತು ಉಪ್ಪಿನಲ್ಲಿ ಮೂರನೇ ಎರಡರಷ್ಟನ್ನು ರಕ್ತಕ್ಕೆ ಮರಳಿಸುವ ಕೋಶಗಳಿವು. ದಾಟಿ ಬಂದ ಅಲ್ಪಸ್ವಲ್ಪ ಪ್ರೊಟೀನನ್ನೂ ಎಳೆದುಕೊಳ್ಳುತ್ತವೆ. ಸೋರಿಕೆ ವಿಪರೀತವಾದಾಗ ಪ್ರೊಟೀನ್ ಮತ್ತು ಕೊಬ್ಬಿನ ಹನಿಗಳು ಇವುಗಳೊಳಗೆ ತುಂಬಿಕೊಳ್ಳುತ್ತವೆ. ಹಿಂದಿನವರು ಈ ಕಾಯಿಲೆಯನ್ನು ‘ಲಿಪಾಯ್ಡ್ ನೆಫ್ರೋಸಿಸ್’ ಎಂದು ಕರೆದದ್ದು ಆ ಕೊಬ್ಬಿನ ಹನಿಗಳನ್ನು ನೋಡಿಯೇ.

ಮುಂದೆ ಹೆನ್ಲೆಯ ಕುಣಿಕೆ, ಡಿಸ್ಟಲ್ ಕೊಳವೆ ದಾಟಿ ದ್ರವ ಸಂಗ್ರಾಹಕ ನಾಳಕ್ಕೆ ಬರುತ್ತದೆ. ಸ್ಲೈಡಿನಲ್ಲಿ ಇದನ್ನು ಗುರುತಿಸುವುದು ಸುಲಭ: ಕೋಶಗಳು ತಿಳಿಬಣ್ಣದವು, ಒಂದೊಂದರ ಅಂಚೂ ಸ್ಪಷ್ಟ. ಇವುಗಳಲ್ಲಿ ಹೆಚ್ಚಿನವು ಪ್ರಿನ್ಸಿಪಲ್ ಕೋಶಗಳು. ಅಲ್ಲಲ್ಲಿ ತುಸು ಗಾಢವಾಗಿ ಕಾಣುವವು ಇಂಟರ್‌ಕಲೇಟೆಡ್ ಕೋಶಗಳು. ಇವುಗಳ ಎ ಬಗೆ ಆಮ್ಲವನ್ನು ಮೂತ್ರಕ್ಕೆ ತಳ್ಳುತ್ತದೆ, ಬಿ ಬಗೆ ಬೈಕಾರ್ಬನೇಟನ್ನು ತಳ್ಳುತ್ತದೆ. ಎ ಬಗೆ ಸೋತರೆ ರಕ್ತದಲ್ಲಿ ಆಮ್ಲ ಹೆಚ್ಚಿದರೂ ಮೂತ್ರ ಬೇಕಾದಷ್ಟು ಆಮ್ಲೀಯವಾಗುವುದಿಲ್ಲ. ಕ್ಯಾಲ್ಸಿಯಂ ಫಾಸ್ಫೇಟ್ ಕಲ್ಲುಗಳು ಕಟ್ಟತೊಡಗುತ್ತವೆ.

ನೀರಿನ ಕೊನೆಯ ತೀರ್ಮಾನ ಪ್ರಿನ್ಸಿಪಲ್ ಕೋಶದ್ದು. ದೇಹಕ್ಕೆ ನೀರು ಕಡಿಮೆಯಾದಾಗ ಮಿದುಳಿನ ತಳದ ಪಿಟ್ಯುಟರಿಯಿಂದ ವ್ಯಾಸೊಪ್ರೆಸಿನ್ ಹಾರ್ಮೋನ್ ಬರುತ್ತದೆ. ಆಗ ಕೋಶದೊಳಗೆ ಕಾದಿದ್ದ ಅಕ್ವಾಪೊರಿನ್-2 ಎಂಬ ನೀರಿನ ಕಾಲುವೆಗಳು ನಾಳದ ಕಡೆಯ ಪೊರೆಗೆ ಬಂದು ಸೇರುತ್ತವೆ. ಮೂತ್ರದಲ್ಲಿ ಹೋಗಬೇಕಿದ್ದ ನೀರು ಈ ದಾರಿಯಲ್ಲಿ ದೇಹಕ್ಕೆ ಮರಳುತ್ತದೆ.

ಬೈಪೋಲಾರ್ ಕಾಯಿಲೆಗೆ ಕೊಡುವ ಲಿಥಿಯಂ ಮಾತ್ರೆ ಕೆಲವರಲ್ಲಿ ಇಲ್ಲೇ ತೊಡಕು ತರುತ್ತದೆ. ಅದು ಸೋಡಿಯಂ ಬರುವ ದಾರಿಯಲ್ಲೇ ಪ್ರಿನ್ಸಿಪಲ್ ಕೋಶಕ್ಕೆ ನುಗ್ಗಿ ಅಕ್ವಾಪೊರಿನ್-2 ಕಡಿಮೆಯಾಗುವಂತೆ ಮಾಡುತ್ತದೆ. ಹಾರ್ಮೋನ್ ಎಷ್ಟಿದ್ದರೂ ಮೂತ್ರ ತಿಳಿಯಾಗಿ, ದಿನಕ್ಕೆ ಹಲವು ಲೀಟರ್ ಹೋಗುತ್ತದೆ. ಸೋಡಿಯಂ ದಾರಿಯನ್ನೇ ಮುಚ್ಚುವ ಅಮಿಲೋರೈಡ್ ಎಂಬ ಔಷಧವನ್ನು ವೈದ್ಯರು ಇಂಥವರಿಗೆ ಬಳಸುವುದುಂಟು. ಲಿಥಿಯಂ ತೆಗೆದುಕೊಳ್ಳುವವರು ರಾತ್ರಿ ಮತ್ತೆಮತ್ತೆ ಮೂತ್ರಕ್ಕೆ ಏಳುವಂತಾದರೆ, ತಾವಾಗಿ ನೀರು ಕುಡಿಯುವುದನ್ನು ಕಡಿಮೆ ಮಾಡಬಾರದು, ಮಾತ್ರೆಯನ್ನೂ ನಿಲ್ಲಿಸಬಾರದು; ವೈದ್ಯರಿಗೆ ತಿಳಿಸಬೇಕು. ದೇಹದಲ್ಲಿ ನೀರು ಕಡಿಮೆಯಾದಷ್ಟೂ ರಕ್ತದಲ್ಲಿ ಲಿಥಿಯಂ ಏರುತ್ತದೆ.