ಶಾಲು ಹೊಸದು, ಜಡೆ ಅವಳದೇ

ಹುಡುಗಿ ಕೆನೆಬಣ್ಣದ ಚೂಡಿದಾರ್ ತೊಟ್ಟಿದ್ದಾಳೆ, ಸೊಂಟದವರೆಗಿನ ಜಡೆಯನ್ನು ಎಡ ಭುಜದ ಮೇಲಿಂದ ಮುಂದಕ್ಕೆ ಹಾಕಿಕೊಂಡಿದ್ದಾಳೆ. ಮುಖ ಚೆನ್ನಾಗಿ ಬಂದಿದೆ, ಬಟ್ಟೆ ಮನೆಯವರಿಗೆ ಹಿಡಿಸಿಲ್ಲ. ಗಂಡಿನ ಕಡೆಯವರಿಗೆ ಕಳಿಸುವ ಫೋಟೋ, ಮೇಲೊಂದು ಮರೂನ್ ಶಾಲು ಹೊದಿಸಿಕೊಡಿ ಎಂದು ಸ್ಟುಡಿಯೋಗೆ ಬರುತ್ತಾರೆ. ಇಂಥ ಕೆಲಸ ಫೋಟೋ ಸ್ಟುಡಿಯೋಗಳಿಗೆ ಹೊಸದಲ್ಲ. ಪಾಸ್‌ಪೋರ್ಟ್ ಫೋಟೋಗೆ ಕೋಟು ತೊಡಿಸುವುದು ಅಲ್ಲಿ ದಿನನಿತ್ಯದ ಮಾತು. ಆದರೆ 2023ರಲ್ಲಿ ಫೋಟೋಶಾಪ್‌ಗೆ Generative Fill ಸೌಲಭ್ಯ ಬಂದಮೇಲೆ ಶಾಲನ್ನು ಎಲ್ಲಿಂದಲೋ ಕತ್ತರಿಸಿ ತರಬೇಕಿಲ್ಲ. ಜಾಗ ಗುರುತಿಸಿ, ಬೇಕಾದ್ದನ್ನು ಬರೆದರೆ ಕಂಪ್ಯೂಟರೇ ಬಿಡಿಸಿಕೊಡುತ್ತದೆ.

ಶಾಲೇನೋ ಸೊಗಸಾಗಿಯೇ ಬರುತ್ತದೆ. ಕೆಡುವುದು ಜಡೆ. ಭುಜವನ್ನೂ ಎದೆಯನ್ನೂ ಒಟ್ಟಾಗಿ ಗುರುತಿಸಿದ್ದರಿಂದ ಅದರ ಮೇಲಿದ್ದ ಜಡೆಯನ್ನೂ ಯಂತ್ರ ಅಳಿಸಿ ಹೊಸದಾಗಿ ಬರೆದಿರುತ್ತದೆ. ದೂರದಿಂದ ಜಡೆಯಂತೆಯೇ ಕಾಣುತ್ತದೆ. ಹತ್ತಿರದಿಂದ ನೋಡಿದರೆ ಮೂರು ಕಾಲಿನ ಹೆಣಿಗೆ ನಡುವೆ ಎರಡಾಗಿರುತ್ತದೆ, ರಬ್ಬರ್ ಬ್ಯಾಂಡ್ ಕೂದಲಲ್ಲೇ ಕರಗಿಹೋಗಿರುತ್ತದೆ, ಕಿವಿಯ ಹಿಂದಿನ ಕಿರುಗೂದಲು ಮಾಯ. ಮೊಗ್ಗಿನ ಜಡೆಯಾಗಿದ್ದರಂತೂ ಕೇಳುವುದೇ ಬೇಡ, ಮೊಗ್ಗುಗಳು ಸಾಲು ತಪ್ಪಿ ಒಂದಕ್ಕೊಂದು ಅಂಟಿಕೊಂಡು ಮುದ್ದೆಯಾಗಿರುತ್ತವೆ.

ಹಾಗಾದರೆ ಜಡೆಯನ್ನು ಬಿಟ್ಟು ಅಕ್ಕಪಕ್ಕದ ಬಟ್ಟೆಯನ್ನಷ್ಟೇ ಗುರುತಿಸಿದರೆ ಸಾಲದೇ? ಎಲ್ಲರೂ ಮೊದಲು ಮಾಡುವುದು ಅದನ್ನೇ, ಸೋಲುವುದೂ ಅಲ್ಲೇ. ಕಾರಣ ಅಳತೆಯಲ್ಲಿದೆ. ತಲೆಯಿಂದ ಸೊಂಟದವರೆಗೆ ಸುಮಾರು 80 ಸೆಂಟಿಮೀಟರ್. ಅದು ಚಿತ್ರದಲ್ಲಿ 1,000 ಪಿಕ್ಸೆಲ್ ಎತ್ತರಕ್ಕೆ ಹರಡಿದ್ದರೆ ಒಂದು ಪಿಕ್ಸೆಲ್‌ಗೆ 0.8 ಮಿಲಿಮೀಟರ್ ಬರುತ್ತದೆ. ಕೂದಲಿನ ದಪ್ಪ 0.1 ಮಿಲಿಮೀಟರ್ ಕೂಡ ದಾಟುವುದು ಅಪರೂಪ. ಸ್ಟೇಬಲ್ ಡಿಫ್ಯೂಷನ್‌ನಂಥ ವ್ಯವಸ್ಥೆಗಳು ಇದರ ಮೇಲೆ ಚಿತ್ರವನ್ನು ಇನ್ನಷ್ಟು ಅಡಕ ಮಾಡಿಕೊಂಡು ಕೆಲಸ ಮಾಡುತ್ತವೆ. ಉದ್ದಕ್ಕೆ 8, ಅಗಲಕ್ಕೆ 8 ಪಿಕ್ಸೆಲ್‌ಗಳ ತುಂಡು ಅವುಗಳ ಲೆಕ್ಕಕ್ಕೆ ಒಂದು ಮನೆ. ಅಂದರೆ ನಮ್ಮ ಚಿತ್ರದಲ್ಲಿ ಆರು ಮಿಲಿಮೀಟರ್‌ಗೂ ಹೆಚ್ಚು ಅಗಲದ ಚೌಕ. ಜಡೆಯ ಅಂಚಿನಲ್ಲಿ ನಾವು ಎಷ್ಟೇ ನಾಜೂಕಾಗಿ ಗೆರೆ ಎಳೆದರೂ ಅಂಚಿನ ಚೌಕದಲ್ಲಿ ಕೂದಲೂ ಬಟ್ಟೆಯೂ ಬೆರೆತೇ ಇರುತ್ತವೆ. ಸಾಲದ್ದಕ್ಕೆ, ಅಡಕವಾದದ್ದನ್ನು ಮತ್ತೆ ಬಿಡಿಸುವಾಗ ಗುರುತು ಹಾಕದ ಜಾಗವೂ ತುಸು ಬದಲಾಗುತ್ತದೆ.

ಆದ್ದರಿಂದ ಜಡೆಯನ್ನು ಕಾಪಾಡು ಎಂದು ಯಂತ್ರಕ್ಕೆ ಹೇಳುವುದಕ್ಕಿಂತ, ಜಡೆಯ ವಿಚಾರವನ್ನು ಅದರ ಕೈಗೇ ಕೊಡದಿರುವುದು ಲೇಸು. ಯಂತ್ರ ಜಡೆಯ ಅಡಿಯಲ್ಲೂ ಸೇರಿದಂತೆ ಇಡೀ ಶಾಲನ್ನು ಬರೆಯಲಿ. ಅದರ ಮೇಲೆ ಮೂಲ ಫೋಟೋದ ಜಡೆಯನ್ನು ನಾವೇ ತಂದು ಇಡೋಣ. ಹೀಗೆ ಮಾಡಿದರೆ ಶಾಲಿನ ನೆರಿಗೆ ಜಡೆಯ ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ತಡೆಯಿಲ್ಲದೆ ಹಾಯುತ್ತದೆ. ಒಂದು ತೊಡಕುಂಟು. ತಲೆಗೂದಲನ್ನು ನೋಡಿ ಯಂತ್ರ ತಾನೇ ಇನ್ನೊಂದು ಜಡೆ ಇಳಿಬಿಡುತ್ತದೆ, ಅದು ಮೂಲ ಜಡೆಯ ಪಕ್ಕದಲ್ಲಿ ಇಣುಕುತ್ತದೆ. ಕೂದಲನ್ನು ತುರುಬು ಕಟ್ಟಿದೆ, ಭುಜದ ಮೇಲೆ ಬರೀ ಶಾಲು ಎಂದು ಬರೆದು ಮತ್ತೆ ಒಂದೆರಡು ಸಲ ಬರೆಸಿದರೆ ಸಾಮಾನ್ಯವಾಗಿ ಹೋಗುತ್ತದೆ.

ಈಗ ಜಡೆಯನ್ನು ಬಿಡಿಸಿಕೊಳ್ಳುವ ಕೆಲಸ. ಹೆಣಿಗೆಯ ಗಟ್ಟಿ ಭಾಗ ಸುಲಭ, ಪೆನ್ ಟೂಲ್‌ನಲ್ಲಿ ಅಂಚು ಎಳೆದರಾಯಿತು. ಕಿರುಗೂದಲಿಗೆ ಮತ್ತು ಬ್ಯಾಂಡಿನ ಕೆಳಗೆ ಹರಡಿದ ತುದಿಗೆ ಕೈಯಿಂದ ಗೆರೆ ಎಳೆಯುವುದು ಆಗದ ಮಾತು. Channels ತೆರೆದು ಕೆಂಪು, ಹಸಿರು, ನೀಲಿ ಮೂರನ್ನೂ ಒಂದೊಂದಾಗಿ ನೋಡಬೇಕು. ನಮ್ಮ ಚಿತ್ರದಲ್ಲಿ ಕೆಂಪಿನಲ್ಲಿ ಚರ್ಮವೂ ಕೆನೆಬಣ್ಣದ ಬಟ್ಟೆಯೂ ಬೆಳ್ಳಗೆ, ಕೂದಲು ಕಪ್ಪಗೆ ಕಾಣುತ್ತದೆ. ಅದರ ನಕಲು ಮಾಡಿ, Levels ಬಳಸಿ ಬಿಳಿಯನ್ನು ಇನ್ನಷ್ಟು ಬಿಳಿ, ಕಪ್ಪನ್ನು ಇನ್ನಷ್ಟು ಕಪ್ಪು ಮಾಡಿ, ತಿರುವುಮುರುವು ಮಾಡಿದರೆ ಎಳೆ ಎಳೆಯಾಗಿ ಕೂದಲಿನ ಮಾಸ್ಕ್ ಸಿಗುತ್ತದೆ. ಬಟ್ಟೆಯ ಮೇಲಿನ ಗಾಢ ನೆರಳನ್ನೂ ಕಣ್ಣಿನ ಕಪ್ಪನ್ನೂ ಬ್ರಷ್‌ನಿಂದ ಅಳಿಸಿಕೊಳ್ಳಬೇಕು.

ಇಷ್ಟಾದ ಮೇಲೆ ಜಡೆಯನ್ನು ಶಾಲಿನ ಮೇಲಿಟ್ಟರೆ ಸುತ್ತ ಒಂದು ಮಂಕು ಬಿಳಿ ಅಂಚು ಹೊಳೆಯುತ್ತದೆ. ಕತ್ತರಿಸಿದ್ದು ಸರಿಯಾಗಲಿಲ್ಲ ಎಂದು ಬಹಳ ಜನ ಮತ್ತೆ ಮತ್ತೆ ಕತ್ತರಿಸುತ್ತಾರೆ. ತಪ್ಪು ಕತ್ತರಿಯದ್ದಲ್ಲ. ಹೊಳಪನ್ನು 0ಯಿಂದ 255ರವರೆಗೆ ಅಳೆಯುತ್ತಾರೆ. ಕೂದಲು 30, ಹಳೆಯ ಬಟ್ಟೆ 230 ಎನ್ನೋಣ. ಅರ್ಧ ಕೂದಲು, ಅರ್ಧ ಬಟ್ಟೆ ಇರುವ ಅಂಚಿನ ಪಿಕ್ಸೆಲ್ 130 ಆಗಿರುತ್ತದೆ. ಮರೂನ್ ಶಾಲಿನ ಹೊಳಪು 60. ಅಲ್ಲಿ ಆ ಪಿಕ್ಸೆಲ್ 45 ಇರಬೇಕಿತ್ತು. ಮಾಸ್ಕ್ ಅದನ್ನು ಅರ್ಧ ಪಾರದರ್ಶಕ ಮಾಡಿದರೂ 130ಕ್ಕೂ 60ಕ್ಕೂ ನಡುವಿನ 95 ಬರುತ್ತದೆ, ಬೇಕಾದ್ದಕ್ಕಿಂತ ಎರಡು ಪಟ್ಟಿಗೂ ಹೆಚ್ಚು. ಹಳೆಯ ಚೂಡಿದಾರ್‌ನ ಬಣ್ಣ ಕೂದಲಿಗೆ ಅಂಟಿಕೊಂಡೇ ಬಂದಿರುತ್ತದೆ. Select and Mask ಒಳಗಿನ Decontaminate Colors ಇದನ್ನು ತಕ್ಕಮಟ್ಟಿಗೆ ತೊಳೆಯುತ್ತದೆ. ಅದಕ್ಕೂ ಬಗ್ಗದ ಕಡೆ ಒಳಗಿನ ಜಡೆಯ ಕಪ್ಪನ್ನೇ ತೆಗೆದುಕೊಂಡು, ಮಾಸ್ಕ್ ಮುಟ್ಟದೆ, ಅಂಚಿನ ಬಣ್ಣದ ಮೇಲಷ್ಟೇ ಮೆಲ್ಲಗೆ ಬ್ರಷ್ ಆಡಿಸುವುದು ವಾಸಿ. ಕೂದಲಿನ ಆಕಾರ ಬದಲಾಗುವುದಿಲ್ಲ, ಅಂಟಿದ ಬಣ್ಣ ಮಾತ್ರ ಹೋಗುತ್ತದೆ.

ಇನ್ನು ನೆರಳು. ಇದಿಲ್ಲದಿದ್ದರೆ ಜಡೆ ಶಾಲಿನ ಮೇಲೆ ಬೀಳುವುದೇ ಇಲ್ಲ, ತೇಲುತ್ತದೆ. ಮೊದಲಿದ್ದ ನೆರಳು ಹಳೆಯ ಬಟ್ಟೆಯ ಜೊತೆಗೇ ಹೋಗಿದೆ. ಜಡೆಯ ಮಾಸ್ಕನ್ನೇ ನಕಲಿಸಿ, ಗಾಢ ಮರೂನ್ ತುಂಬಿ, ಜಡೆಯ ಕೆಳಗಿನ ಪದರದಲ್ಲಿ Multiply ಮೋಡ್‌ನಲ್ಲಿಟ್ಟು, ಬೆಳಕು ಬರುವ ದಿಕ್ಕಿಗೆ ವಿರುದ್ಧವಾಗಿ ಕೆಲವು ಪಿಕ್ಸೆಲ್ ಸರಿಸಿ ಮಸುಕು ಮಾಡಬೇಕು. ಭುಜದ ಮೇಲೆ ಜಡೆ ಬಟ್ಟೆಗೆ ಒತ್ತಿಕೊಂಡಿರುವುದರಿಂದ ಅಲ್ಲಿ ನೆರಳು ಸಣ್ಣದು, ಗಾಢ. ಕೆಳಗೆ ತುದಿ ತೂಗಾಡುವಲ್ಲಿ ಅಗಲ, ತೆಳು. ಒಂದೇ ನೆರಳನ್ನು ಉದ್ದಕ್ಕೂ ಎಳೆದ ಕೆಲಸವನ್ನು ಒಮ್ಮೆ ನೋಡಿದರೇ ಗುರುತಿಸಬಹುದು. ಅಪ್ಪಟ ಕಪ್ಪು ನೆರಳೂ ಹಾಗೇ, ಬಟ್ಟೆಗೆ ಮಸಿ ಬಳಿದಂತಿರುತ್ತದೆ.

ಜಡೆ ನಿಜಕ್ಕೂ ಮೂಲದ್ದೇ ಉಳಿದಿದೆಯೇ ಎಂದು ಕಣ್ಣನ್ನು ನಂಬಬೇಕಿಲ್ಲ. ಮೂಲ ಫೋಟೋವನ್ನು ಎಲ್ಲಕ್ಕಿಂತ ಮೇಲಿನ ಪದರವಾಗಿಟ್ಟು Difference ಮೋಡ್ ಹಾಕಿದರೆ, ಬದಲಾಗದ ಜಾಗವೆಲ್ಲ ಅಚ್ಚ ಕಪ್ಪಾಗುತ್ತದೆ. ಶಾಲು ಬಣ್ಣಬಣ್ಣವಾಗಿ ಹೊಳೆಯಬೇಕು, ಜಡೆಯ ಒಡಲು ಕಪ್ಪಗಿರಬೇಕು, ಅಂಚಿನಲ್ಲಿ ಮಾತ್ರ ತೆಳುವಾದ ಮಿನುಗು ಇದ್ದರೆ ಸರಿ. ಹೆಣಿಗೆಯ ನಡುವೆ ಬೂದು ಕಂಡರೆ ಅಲ್ಲಿ ಯಂತ್ರ ಕೈಯಾಡಿಸಿದೆ ಎಂದೇ ಅರ್ಥ.

ಎಲ್ಲ ಫೋಟೋಗೂ ಇದು ನಡೆಯುವುದಿಲ್ಲ. ಕಪ್ಪು ಬಟ್ಟೆಯ ಮೇಲೆ ಕಪ್ಪು ಕೂದಲಿದ್ದರೆ ಯಾವ ಚಾನೆಲ್‌ನಲ್ಲೂ ಕಿರುಗೂದಲು ಬೇರೆಯಾಗದು. ಗಟ್ಟಿ ಜಡೆಯನ್ನು ಉಳಿಸಿಕೊಂಡು ಕಿರುಗೂದಲನ್ನು ಬಿಟ್ಟುಕೊಡಬೇಕು. ಕಾಲರ್‌ನದು ಬೇರೆಯೇ ತಕರಾರು. ಮಲಗಿದ ಕಾಲರ್ ಆದರೆ ಶಾಲಿನ ಹಾಗೇ ಒಪ್ಪುತ್ತದೆ. ಬಂದ್‌ಗಲಾದಂಥ ನಿಂತ ಕಾಲರ್ ಕತ್ತಿನ ಪಕ್ಕದ ಕೂದಲನ್ನು ನಿಜದಲ್ಲಿ ಹೊರಕ್ಕೆ ತಳ್ಳುತ್ತಿತ್ತು, ಆದರೆ ಮೂಲದ ಕೂದಲು ನೇರವಾಗಿ ಬಿದ್ದಿದೆ. ಜಡೆಯಾದರೆ Warp ಬಳಸಿ ಒಂದಿಷ್ಟು ಬಾಗಿಸಬಹುದು. ಬಿಚ್ಚುಗೂದಲಿಗೆ ಅದೂ ಆಗದು. ಆಗ ನಾನಾದರೆ ಕಾಲರನ್ನೇ ಬದಲಿಸಲು ಹೇಳುತ್ತೇನೆ, ಇಲ್ಲವೇ ನಿಂತ ಕಾಲರ್ ಇರುವ ಬಟ್ಟೆ ತೊಟ್ಟು ಬಂದು ಇನ್ನೊಂದು ಫೋಟೋ ತೆಗೆಸಿಕೊಳ್ಳಲು.