ಅಂಕಿಗಳನ್ನು ಓದುವ ಉದ್ಯೋಗಕ್ಕೆ ಆರು ತಿಂಗಳ ಮನೆಪಾಠ

ಅಂಗಡಿಯ ಲೆಕ್ಕ ಬರೆಯುವವರು, ಗೋದಾಮಿನ ದಾಸ್ತಾನು ನೋಡುವವರು, ವಿಮಾ ಕಚೇರಿಯಲ್ಲಿ ಕಡತ ತಿರುವುವವರು—ಇಂಥವರಲ್ಲಿ ಅನೇಕರಿಗೆ ಈಗ ‘ಡೇಟಾ ಅನಲಿಟಿಕ್ಸ್’ ಎಂಬ ಹೊಸ ಉದ್ಯೋಗದತ್ತ ಕಣ್ಣು ಹೊರಳಿದೆ. ಕನ್ನಡದಲ್ಲಿ ಇದನ್ನು ದತ್ತಾಂಶ ವಿಶ್ಲೇಷಣೆ ಎನ್ನುತ್ತಾರೆ. ಆದರೆ ಇರುವ ಕೆಲಸವನ್ನು ಬಿಟ್ಟು ಪಾಠಕ್ಕೆ ಕುಳಿತರೆ ಮನೆಯ ಸಾಲದ ಕಂತು ಕಾಯುವುದಿಲ್ಲ. ತರಬೇತಿ ಸಂಸ್ಥೆಗಳ ಶುಲ್ಕವೋ, ಕೂಡಿಟ್ಟ ಹಣವನ್ನೆಲ್ಲ ಬಾಚಿಕೊಂಡು ಹೋಗುವಂಥದು. ಕೆಲಸ ಬಿಡದೆ, ರಾತ್ರಿಯ ಊಟದ ನಂತರದ ಒಂದೂವರೆ ಗಂಟೆಯಲ್ಲಿ ಈ ವಿದ್ಯೆ ಸಾಧ್ಯವೆ? ಸಾಧ್ಯವಾದರೂ, ಅನುಭವವಿಲ್ಲದವರನ್ನು ನೇಮಕ ಮಾಡುವವರು ಏನನ್ನು ಕಂಡು ನಂಬಬೇಕು?

ಈ ಉದ್ಯೋಗದ ತಿರುಳು ಸರಳವಾದದ್ದೇ. ‘ಕಳೆದ ತಿಂಗಳು ಮಾರಾಟ ಇಳಿದದ್ದೇಕೆ?’ ಎಂದು ಒಡೆಯರು ಕೇಳುತ್ತಾರೆ. ಲಕ್ಷಗಟ್ಟಲೆ ಸಾಲುಗಳ ದಾಖಲೆಯಿಂದ ಅದಕ್ಕೆ ಉತ್ತರ ತೆಗೆದು, ಆ ಉತ್ತರವನ್ನು ಎಷ್ಟರಮಟ್ಟಿಗೆ ನಂಬಬಹುದೆಂಬುದನ್ನೂ ಹೇಳಬಲ್ಲವನೇ ವಿಶ್ಲೇಷಕ. ಈ ಎರಡನೆಯ ಭಾಗವನ್ನು ಹೆಚ್ಚಿನವರು ಕಲಿಯುವುದಿಲ್ಲ. ನೇಮಕ ಮಾಡುವವರು ಹುಡುಕುವುದು ಮಾತ್ರ ಅದನ್ನೇ.

ಕಲಿಯುವ ಕ್ರಮ

ಮೊದಲ ತಿಂಗಳು ಎಕ್ಸೆಲ್‌ಗೆ ಮೀಸಲಾಗಿರಲಿ. ಇದರಲ್ಲಿ ಮುಖ್ಯವಾದ ವಿದ್ಯೆಗಳು ಎರಡು. ಒಂದು ಪಟ್ಟಿಯಲ್ಲಿರುವುದನ್ನು ಇನ್ನೊಂದರಲ್ಲಿ ಹುಡುಕಿ ತರುವ ‘ಲುಕಪ್’ ಮೊದಲನೆಯದು. ಉದ್ದನೆಯ ಪಟ್ಟಿಯನ್ನು ತಿಂಗಳವಾರು, ಊರುವಾರು ಮಡಿಸಿ ತೋರಿಸುವ ‘ಪಿವಟ್ ಟೇಬಲ್’ ಎರಡನೆಯದು. ನಿಮ್ಮದೇ ಬ್ಯಾಂಕ್ ಖಾತೆಯ ಒಂದು ವರ್ಷದ ವಿವರವನ್ನಿಟ್ಟುಕೊಂಡು, ಯಾರನ್ನೂ ಕೇಳದೆ ಖರ್ಚನ್ನು ತಿಂಗಳವಾರು ವಿಂಗಡಿಸಲು ಬಂದರೆ ಮುಂದಿನ ಮೆಟ್ಟಲಿಗೆ ಹೋಗಬಹುದು.

ಅನಂತರದ ಎರಡು ತಿಂಗಳು ಎಸ್‌ಕ್ಯೂಎಲ್‌ಗೆ. ದಾಖಲೆಗಳ ಉಗ್ರಾಣವನ್ನು ಪ್ರಶ್ನೆ ಕೇಳುವ ಭಾಷೆ ಇದು. ಇದಕ್ಕೆ ಬೇಕಾದ ಎಸ್‌ಕ್ಯೂಲೈಟ್ ಎಂಬ ತಂತ್ರಾಂಶ ಉಚಿತವಾಗಿ ದೊರೆಯುತ್ತದೆ. ಸಾಲುಗಳನ್ನು ಆರಿಸುವುದು, ಗುಂಪು ಮಾಡಿ ಕೂಡುವುದು, ಎರಡು ಪಟ್ಟಿಗಳನ್ನು ಜೋಡಿಸುವುದು—ಈ ಮೂರು ಕೈಗೆ ಹತ್ತುವ ತನಕ ಬೇರೆಯದರ ಗೊಡವೆ ಬೇಡ. ಮತ್ತೊಂದು ತಿಂಗಳು ಶಾಲೆಯ ಗಣಿತವನ್ನು ಮರಳಿ ಓದಬೇಕು: ಸರಾಸರಿಗೂ ಮಧ್ಯಾಂಕಕ್ಕೂ ಇರುವ ಅಂತರವೇನು, ಶೇಕಡ ಎಂದಾಗ ಯಾವುದರ ಶೇಕಡ, ಇಷ್ಟೇ. ಇದರ ಜೊತೆಜೊತೆಗೆ ಚಿತ್ರಗಳನ್ನು ಬಿಡಿಸಲು ಪವರ್ ಬಿಐ ಡೆಸ್ಕ್‌ಟಾಪನ್ನಾಗಲಿ ಟ್ಯಾಬ್ಲೋ ಪಬ್ಲಿಕ್ಕನ್ನಾಗಲಿ ಅಭ್ಯಾಸ ಮಾಡಬಹುದು. ಎರಡೂ ಉಚಿತವಾಗಿ ಸಿಗುತ್ತವೆ. ಆದರೆ ಟ್ಯಾಬ್ಲೋ ಪಬ್ಲಿಕ್ಕಿನಲ್ಲಿ ಪ್ರಕಟಿಸಿದ್ದು ಲೋಕಕ್ಕೆಲ್ಲ ಕಾಣುತ್ತದೆಂಬುದನ್ನು ಮರೆಯಬಾರದು. ಈಗ ಕೆಲಸ ಮಾಡುತ್ತಿರುವ ಕಚೇರಿಯ ಲೆಕ್ಕವನ್ನು ಅಲ್ಲಿ ಎಂದಿಗೂ ಇಡಕೂಡದು. ಪೈಥಾನ್ ಭಾಷೆ ಕೆಲಸ ಸಿಕ್ಕಿದ ಮೇಲೂ ಕಲಿಯಬಹುದಾದದ್ದು.

ಉಳಿದ ಎರಡು ತಿಂಗಳು ಒಂದೇ ಒಂದು ಕೆಲಸಕ್ಕೆ: ತೋರಿಸಬಹುದಾದ ಮಾದರಿ. ‘ಪೋರ್ಟ್‌ಫೋಲಿಯೊ’ ಎಂದು ಕರೆಯುವುದು ಇದನ್ನೇ.

ಒಂದು ಅಂಗಡಿಯ ಕಡತ

ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಶಾಖೆಯವರು ಅಭ್ಯಾಸಕ್ಕೆಂದು ಅನೇಕ ದಾಖಲೆಗಳನ್ನು ಸಾರ್ವಜನಿಕರಿಗೆ ತೆರೆದಿಟ್ಟಿದ್ದಾರೆ. ಅವುಗಳಲ್ಲಿ `Online Retail` ಎಂಬುದೊಂದು. ಇಂಗ್ಲೆಂಡಿನಲ್ಲಿ ಉಡುಗೊರೆ ಸಾಮಾನುಗಳನ್ನು ಅಂತರಜಾಲದ ಮೂಲಕ ಮಾರುವ ಒಂದು ಅಂಗಡಿಯ ನಿಜವಾದ ವಹಿವಾಟು ಅದರಲ್ಲಿದೆ. 2010ರ ಡಿಸೆಂಬರ್ 1ರಿಂದ 2011ರ ಡಿಸೆಂಬರ್ 9ರವರೆಗಿನ 5,41,909 ಸಾಲುಗಳು, ಅಂಕಣಗಳು ಎಂಟೇ. ಬಿಲ್ಲಿನ ಸಂಖ್ಯೆ, ಸಾಮಾನಿನ ಸಂಕೇತ, ಅದರ ಹೆಸರು, ಎಷ್ಟು, ಯಾವಾಗ, ಬಿಡಿಬೆಲೆ, ಗಿರಾಕಿಯ ಸಂಖ್ಯೆ, ದೇಶ. ಇದು ಎಕ್ಸೆಲ್ ಕಡತವಾಗಿಯೇ ದೊರೆಯುತ್ತದೆ. ಎಸ್‌ಕ್ಯೂಲೈಟ್‌ಗೆ ಒಯ್ಯಲು ಸಿಎಸ್‌ವಿ ರೂಪಕ್ಕೆ ಇಳಿಸುವ ಮುನ್ನ ದಿನಾಂಕದ ಅಂಕಣವನ್ನು `yyyy-mm-dd hh:mm` ಎಂಬ ರೂಪಕ್ಕೆ ತಿರುಗಿಸಬೇಕು. ಇಲ್ಲವಾದರೆ ಡಿಸೆಂಬರ್ 1 ಯಾವುದು, ಜನವರಿ 12 ಯಾವುದು ಎಂದು ಯಂತ್ರಕ್ಕೆ ಗೊಂದಲವಾಗುತ್ತದೆ.

ಈಗ ಪ್ರಶ್ನೆ: ‘ಈ ಅಂಗಡಿಯ ವ್ಯಾಪಾರ ಏರುತ್ತಿದೆಯೊ, ಇಳಿಯುತ್ತಿದೆಯೊ?’ ಸಂಖ್ಯೆಯನ್ನು ಬೆಲೆಯಿಂದ ಗುಣಿಸಿ ತಿಂಗಳವಾರು ಕೂಡಿದರೆ 2011ರ ನವೆಂಬರಿನಲ್ಲಿ ಸುಮಾರು 14.6 ಲಕ್ಷ ಪೌಂಡು, ಡಿಸೆಂಬರಿನಲ್ಲಿ ಸುಮಾರು 4.3 ಲಕ್ಷ. ಹೊಸಬರು ಇಲ್ಲಿ ಗಾಬರಿಗೊಂಡು ‘ವ್ಯಾಪಾರ ಕುಸಿದಿದೆ’ ಎಂದು ಕೆಂಪು ಬಾಣವನ್ನು ಬಿಡಿಸಿಬಿಡುತ್ತಾರೆ. ಕುಸಿದದ್ದು ವ್ಯಾಪಾರವಲ್ಲ, ಕಡತವೇ 9ನೆಯ ತಾರೀಖಿಗೆ ಮುಗಿದುಹೋಗಿದೆ. ಎರಡು ವರ್ಷಗಳ ಡಿಸೆಂಬರಿನ ಮೊದಲ ಒಂಬತ್ತು ದಿನಗಳನ್ನು ಎದುರುಬದುರಾಗಿಟ್ಟು ನೋಡುವುದೇ ಸರಿಯಾದ ಹೋಲಿಕೆ.

ಇದಕ್ಕಿಂತ ಸೂಕ್ಷ್ಮವಾದ ಬಲೆ ಮತ್ತೊಂದಿದೆ. ಬಿಲ್ಲಿನ ಸಂಖ್ಯೆಯ ಮೊದಲಲ್ಲಿ `C` ಎಂಬ ಅಕ್ಷರವಿದ್ದರೆ ಅದು ರದ್ದಾದ ಬೇಡಿಕೆ. ಅಲ್ಲಿ ಸಾಮಾನಿನ ಸಂಖ್ಯೆ ಋಣವಾಗಿರುತ್ತದೆ. ‘ರದ್ದಾದದ್ದು ನಮಗೇಕೆ?’ ಎಂದು ಅನೇಕರು ಆ ಸಾಲುಗಳನ್ನು ಮೊದಲೇ ಅಳಿಸಿಹಾಕುತ್ತಾರೆ. ಅಳಿಸಿದ ಮೇಲೆ ಅತಿ ಹೆಚ್ಚು ಮಾರಾಟವಾದ ಸಾಮಾನು ಯಾವುದೆಂದು ನೋಡಿದರೆ, ‘ಪೇಪರ್ ಕ್ರಾಫ್ಟ್, ಲಿಟಲ್ ಬರ್ಡಿ’ ಎಂಬ ಕಾಗದದ ಹಕ್ಕಿ ಎಲ್ಲವನ್ನೂ ಹಿಂದಿಕ್ಕಿ ಮೇಲೆ ಕುಳಿತಿರುತ್ತದೆ: 80,995 ಹಕ್ಕಿಗಳು, 1,68,469 ಪೌಂಡು!

ಆದರೆ ಒಂದು ಹಕ್ಕಿಯೂ ಮಾರಾಟವಾಗಿರಲಿಲ್ಲ. 2011ರ ಡಿಸೆಂಬರ್ 9ರ ಬೆಳಿಗ್ಗೆ 9.15ಕ್ಕೆ 581483ನೆಯ ಬಿಲ್ಲಿನಲ್ಲಿ ಈ ಬೇಡಿಕೆ ಬಂದಿತು, 9.27ಕ್ಕೆ `C581484` ಎಂಬ ಬಿಲ್ಲಿನಲ್ಲಿ ಅಷ್ಟೂ ರದ್ದಾಯಿತು. ಹನ್ನೆರಡು ನಿಮಿಷದ ಆಯುಸ್ಸು! ರದ್ದತಿಯ ಸಾಲನ್ನು ಮಾತ್ರ ಅಳಿಸಿದವನು ಇಲ್ಲದ ವ್ಯಾಪಾರವನ್ನು ತಾನೇ ಸೃಷ್ಟಿಸಿದಂತಾಯಿತು. ಒಡೆಯರು ಆ ವರದಿಯನ್ನು ನಂಬಿ ಗೋದಾಮಿನ ತುಂಬ ಕಾಗದದ ಹಕ್ಕಿ ತರಿಸಿದರೆ ಗತಿಯೇನು?

ಇಂಥ ಜೋಡಿಗಳನ್ನು ಹಿಡಿಯುವುದು ಕಷ್ಟವಲ್ಲ. ಕಡತವನ್ನು `retail` ಎಂಬ ಹೆಸರಿನಲ್ಲಿ ಎಸ್‌ಕ್ಯೂಲೈಟ್‌ಗೆ ತುಂಬಿ, ಹೀಗೆ ಕೇಳಿದರೆ ಸಾಕು:

```sql
SELECT StockCode, CustomerID,
       SUM(Quantity) AS net,
       SUM(ABS(Quantity)) AS moved
FROM retail
WHERE CustomerID <> ''
GROUP BY StockCode, CustomerID
ORDER BY moved DESC
LIMIT 10;
```

ಇಲ್ಲಿ `net` ಎಂಬುದು ಹೋದದ್ದರಲ್ಲಿ ಬಂದದ್ದನ್ನು ಕಳೆದು ಉಳಿದದ್ದು. `moved` ಎಂಬುದು ಧನ-ಋಣಗಳನ್ನು ಲೆಕ್ಕಿಸದ ಒಟ್ಟು ಓಡಾಟ. ಓಡಾಟ ದೊಡ್ಡದಾಗಿದ್ದು ಉಳಿಕೆ ಸೊನ್ನೆಯಾದರೆ ಅಲ್ಲಿ ನಿಂತು ನೋಡಬೇಕು. ಕಾಗದದ ಹಕ್ಕಿಯ ಓಡಾಟ 1,61,990, ಉಳಿಕೆ ಸೊನ್ನೆ. ಅದರ ಜೊತೆಗೆ ಒಂದು ಪಿಂಗಾಣಿ ಭರಣಿಯೂ ತೇಲಿಬರುತ್ತದೆ: 2011ರ ಜನವರಿ 18ರಂದು 74,215 ಭರಣಿಗಳ ಬೇಡಿಕೆ, ಅದೇ ದಿನ ಅಷ್ಟೂ ರದ್ದು. ಅಳಿಸುವುದಾದರೆ ಜೋಡಿಯ ಎರಡು ಸಾಲುಗಳನ್ನೂ ಅಳಿಸಬೇಕು. ಇಲ್ಲವೆ ಎರಡನ್ನೂ ಉಳಿಸಬೇಕು. ಕೆಲವು ರದ್ದತಿಗಳಿಗೆ ಜೋಡಿ ಸಿಗದಿರುವುದೂ ಉಂಟು. ಅವುಗಳ ಮೂಲ ಬೇಡಿಕೆ ಕಡತ ಆರಂಭವಾಗುವ ಮೊದಲೇ ಬಂದಿರಬಹುದು. ಅಂಥವು ಎಷ್ಟೆಂದು ಎಣಿಸಿ ಬರೆದಿಟ್ಟರೆ ಸಾಕು.

ಒಂದು ಪುಟದ ವರದಿ

ಈಗ ಇದನ್ನು ಒಂದೇ ಪುಟದಲ್ಲಿ ಬರೆಯಬೇಕು. ಮೊದಲ ಸಾಲಿನಲ್ಲಿ ಪ್ರಶ್ನೆ, ಎರಡನೆಯ ಸಾಲಿನಲ್ಲಿ ಉತ್ತರ, ಕೆಳಗೆ ಎರಡು ಚಿತ್ರಗಳು. ಅನಂತರ ‘ನಾನು ತೆಗೆದುಹಾಕಿದ್ದು’ ಎಂಬ ಚಿಕ್ಕ ಪಟ್ಟಿ: ಯಾವ ಸಾಲುಗಳು, ಎಷ್ಟು, ಏಕೆ. ಕೊನೆಯಲ್ಲಿ ‘ಈ ಕಡತದಿಂದ ಹೇಳಲಾಗದ್ದು’ ಎಂಬ ಎರಡು ವಾಕ್ಯಗಳು. ಉದಾಹರಣೆಗೆ, ಇಲ್ಲಿ ಮಾರಿದ ಬೆಲೆಯುಂಟು, ಕೊಂಡ ಬೆಲೆಯಿಲ್ಲ. ಆದ್ದರಿಂದ ಲಾಭವನ್ನು ಹೇಳುವಂತಿಲ್ಲ. 1,35,080 ಸಾಲುಗಳಲ್ಲಿ, ಎಂದರೆ ಹೆಚ್ಚುಕಡಿಮೆ ಕಾಲು ಭಾಗದಲ್ಲಿ, ಗಿರಾಕಿಯ ಸಂಖ್ಯೆಯೇ ಇಲ್ಲ. ಆದ್ದರಿಂದ ‘ಎಷ್ಟು ಗಿರಾಕಿಗಳು ಮರಳಿ ಬಂದರು?’ ಎಂಬುದಕ್ಕೆ ಉಳಿದ ಮುಕ್ಕಾಲು ಭಾಗದ ಮಟ್ಟಿಗೆ ಮಾತ್ರ ಉತ್ತರವುಂಟು.

ಈ ಪುಟವನ್ನೂ ಕೇಳಿದ ಪ್ರಶ್ನೆಗಳ ಎಸ್‌ಕ್ಯೂಎಲ್ ಬರಹವನ್ನೂ ಗಿಟ್‌ಹಬ್‌ನಲ್ಲಿ ಇಟ್ಟು, ಅರ್ಜಿಯಲ್ಲಿ ಅದರ ವಿಳಾಸವನ್ನು ಕೊಡಬಹುದು. ಅದರ ಪಕ್ಕದಲ್ಲಿ ಒಂದೇ ವಾಕ್ಯವಿರಲಿ: ‘5.4 ಲಕ್ಷ ಸಾಲುಗಳ ಮಾರಾಟದ ದಾಖಲೆಯಲ್ಲಿ, ರದ್ದಾದ ಒಂದೇ ಬೇಡಿಕೆಯಿಂದ 1.68 ಲಕ್ಷ ಪೌಂಡು ಸುಳ್ಳು ಮಾರಾಟ ಸೇರುವುದನ್ನು ಪತ್ತೆಹಚ್ಚಿದ ವರದಿ.’ ಟೈಟಾನಿಕ್ ಹಡಗಿನ ಪ್ರಯಾಣಿಕರ ಪಟ್ಟಿಯ ಮೇಲೆ ಬರೆದ ಅಭ್ಯಾಸಗಳನ್ನು ನೋಡಿ ನೋಡಿ ಬೇಸತ್ತವರೂ ಈ ವಾಕ್ಯದ ಬಳಿ ಒಂದು ಕ್ಷಣ ನಿಂತಾರು. ಸಂದರ್ಶನದಲ್ಲಿ ‘ರದ್ದತಿಗಳನ್ನು ಏನು ಮಾಡಿದಿರಿ?’ ಎಂದು ಕೇಳಿದರೆ ಉತ್ತರ ನಾಲಗೆಯ ತುದಿಯಲ್ಲಿರುತ್ತದೆ. ಬೇರೆಯವರ ವರದಿಯನ್ನು ನಕಲು ಮಾಡಿದವನು ಅಲ್ಲಿಯೇ ತಡವರಿಸುತ್ತಾನೆ.

ಎರಡನೆಯ ಮಾದರಿ ನಿಮ್ಮ ಈಗಿನ ವೃತ್ತಿಯಿಂದಲೇ ಬರಲಿ. ಲೆಕ್ಕ ಬರೆಯುವವರಾದರೆ, ಯಾರ ಬಾಕಿ ಎಷ್ಟು ದಿನಗಳಿಂದ ನಿಂತಿದೆಯೆಂದು ತೋರಿಸುವ ಒಂದು ತಖ್ತೆ. ಅದಕ್ಕೆ ಕಚೇರಿಯ ಅಂಕಿಗಳನ್ನು ಬಳಸದೆ ಕಲ್ಪಿತ ಅಂಕಿಗಳನ್ನು ತುಂಬಿ, ‘ಇವು ಕಲ್ಪಿತ’ ಎಂದು ಮೇಲೆಯೇ ಬರೆಯಬೇಕು. ಹತ್ತು ವರ್ಷ ಬಾಕಿ ವಸೂಲಿಯ ಲೆಕ್ಕ ನೋಡಿದವರಿಗೆ, ಮೂವತ್ತನೆಯ ದಿನಕ್ಕೂ ತೊಂಬತ್ತನೆಯ ದಿನಕ್ಕೂ ಇರುವ ವ್ಯತ್ಯಾಸ ಬೆರಳ ತುದಿಯಲ್ಲಿರುತ್ತದೆ. ಆಗತಾನೆ ಕಾಲೇಜು ಬಿಟ್ಟು ಬಂದವರಲ್ಲಿ ಅದು ಇರುವುದಿಲ್ಲ.

ಎರಡು ಪುಟಗಳಿಂದಲೇ ಕೆಲಸ ಸಿಕ್ಕೀತೆಂಬ ಭರವಸೆಯನ್ನು ಯಾರೂ ಕೊಡಲಾರರು. ಅನುಭವಿಗಳನ್ನೇ ಬೇಡುವ ಕಚೇರಿಗಳು ಬಹಳ. ಆದ್ದರಿಂದ ಮೊದಲು ಈಗಿರುವ ಕಚೇರಿಯಲ್ಲೇ, ತಿಂಗಳ ವರದಿ ತಯಾರಿಸುವ ಹೊಣೆಯನ್ನು ಕೇಳಿ ಪಡೆಯುವುದು ಜಾಣತನ. ಅಲ್ಲಿಯ ದಾಖಲೆಗಳಲ್ಲೂ ಹನ್ನೆರಡು ನಿಮಿಷದ ಹಕ್ಕಿಗಳು ಅಡಗಿ ಕುಳಿತಿರಬಹುದು.